ತಲೆಕೆಳಗಾದ ಇಳುವರಿ ರೇಖೆ ಹೇಳುವುದೆಷ್ಟು?

ಸರ್ಕಾರಕ್ಕೆ ಹತ್ತು ವರ್ಷಕ್ಕೆ ಸಾಲ ಕೊಡುವವರಿಗಿಂತ ಮೂರು ತಿಂಗಳಿಗೆ ಕೊಡುವವರಿಗೇ ಹೆಚ್ಚು ಬಡ್ಡಿ ಸಿಗುವ ಕಾಲ ಒಮ್ಮೊಮ್ಮೆ ಬರುತ್ತದೆ. ಇದನ್ನೇ ಇಳುವರಿ ರೇಖೆ ತಲೆಕೆಳಗಾಯಿತು ಎನ್ನುವುದು. ಹಣವನ್ನು ಹೆಚ್ಚು ಕಾಲ ಬಿಟ್ಟಿರುವವರು ಕಡಿಮೆ ಬಡ್ಡಿಗೆ ಒಪ್ಪಬೇಕಾದರೆ ಕಾರಣವಿರಬೇಕು: ಇಂದಿನ ಬಡ್ಡಿ ಉಳಿಯದು, ಮುಂದೆ ಇಳಿಯುತ್ತದೆ ಎಂಬ ನಂಬಿಕೆ. ಕೇಂದ್ರ ಬ್ಯಾಂಕು ಬಡ್ಡಿ ಇಳಿಸುವುದು ಹೆಚ್ಚಾಗಿ ವ್ಯಾಪಾರ ಕುಗ್ಗಿದಾಗ. ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದೀಚೆಗೆ ಪ್ರತಿ ಹಿಂಜರಿತಕ್ಕೂ ಮುನ್ನ ರೇಖೆ ಹೀಗೆ ತಿರುಗಿದ್ದರಿಂದ ಅದನ್ನು ಅಪಾಯದ ಗಂಟೆಯಂತೆ ಕೇಳುವ ರೂಢಿ ಬಂತು. ಆದರೆ ಬಡ್ಡಿ ಇಳಿಯಲಿದೆ ಎಂದು ಸಾಲ ಕೊಡುವವರು ನಂಬಿದ್ದಾರೆ ಎಂಬುದನ್ನಷ್ಟೇ ರೇಖೆ ಹೇಳುತ್ತದೆ. ಏಕೆ ಇಳಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಆ ಕಾರಣವನ್ನು ನಾವೇ ಹೊರಗೆ ಹುಡುಕಬೇಕು.

ನಮ್ಮ ದೇಶದ 2013ರ ಪ್ರಸಂಗವನ್ನೇ ನೋಡಿ. ಬಾಂಡ್ ಖರೀದಿಯನ್ನು ತಗ್ಗಿಸುವ ಸೂಚನೆಯನ್ನು ಅಮೆರಿಕದ ಫೆಡರಲ್ ರಿಸರ್ವ್ ಮೇ ತಿಂಗಳಲ್ಲಿ ಕೊಟ್ಟಿತು. ವಿದೇಶಿ ಹಣ ಹೊರಹೋಗತೊಡಗಿ ರೂಪಾಯಿ ಕುಸಿಯಿತು. ಜುಲೈ 15ರಂದು ರಿಸರ್ವ್ ಬ್ಯಾಂಕು, ಬ್ಯಾಂಕುಗಳು ತುರ್ತಾಗಿ ಹಣ ಪಡೆಯುವ ಎಂಎಸ್‌ಎಫ್ ದರವನ್ನು ಶೇ 8.25ರಿಂದ 10.25ಕ್ಕೆ ಏರಿಸಿತು, ಅಗ್ಗದ ರೆಪೊ ಹಣಕ್ಕೂ ಮಿತಿ ಹಾಕಿತು. ರೂಪಾಯಿಯ ಮೇಲೆ ಸಟ್ಟಾ ಆಡಲು ಹಣ ಸಿಗಬಾರದು ಎಂಬುದು ಉದ್ದೇಶ. 91 ದಿನಗಳ ಟ್ರೆಜರಿ ಬಿಲ್ಲಿನ ಇಳುವರಿ ಶೇ 11ನ್ನೂ ದಾಟಿ, ಹತ್ತು ವರ್ಷದ ಬಾಂಡಿನದು ಅದಕ್ಕಿಂತ ಕೆಳಗೆ ಉಳಿಯಿತು. ಇಲ್ಲಿ ರೇಖೆಯನ್ನು ತಿರುಗಿಸಿದ್ದು ಮುಂಬರುವ ಹಿಂಜರಿತದ ಭಯವಲ್ಲ, ರೂಪಾಯಿಯ ರಕ್ಷಣೆ. ಸೆಪ್ಟೆಂಬರ್‌ನಿಂದ ಬಿಗಿ ಸಡಿಲಿತು. 2013-14ರ ಬೆಳವಣಿಗೆ ಹಿಂದಿನ ವರ್ಷಕ್ಕಿಂತ ಕೆಳಗಿಳಿಯಲಿಲ್ಲ. ಇನ್ನೊಂದು ಮಾತೂ ಇದೆ. ನಮ್ಮ ಬ್ಯಾಂಕುಗಳು ಆಗ ಠೇವಣಿಯ ಶೇ 23ರಷ್ಟನ್ನು ಮುಖ್ಯವಾಗಿ ಸರ್ಕಾರಿ ಬಾಂಡುಗಳಲ್ಲೇ ಇಡಬೇಕಿತ್ತು. ಕೊಳ್ಳಲೇಬೇಕಾದವರು ಇರುವ ಕಡೆ ದೀರ್ಘಾವಧಿಯ ಬೆಲೆಯನ್ನು ಶುದ್ಧ ನಿರೀಕ್ಷೆ ಎಂದು ಓದುವುದು ಕಷ್ಟ.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ: ಕಾರಣ ಯಾವುದೇ ಇರಲಿ, ಅಲ್ಪಾವಧಿ ಬಡ್ಡಿ ಏರಿದರೆ ಅದೇ ಪೆಟ್ಟು ಕೊಡುತ್ತದಲ್ಲವೇ? ನಿಜ. ರಾಯಚೂರು ಜಿಲ್ಲೆಯ ಕಲ್ಮಲದ ಸುತ್ತಲಿನ ಹತ್ತಿ, ಮಾನ್ವಿಯ ಭತ್ತ ಕೊಳ್ಳುವ ಗಿರಣಿಗಳು ಸುಗ್ಗಿಯಲ್ಲಿ ಬ್ಯಾಂಕಿನ ಅಲ್ಪಾವಧಿ ಸಾಲವನ್ನೇ ನೆಚ್ಚುತ್ತವೆ. ಹತ್ತು ಲಕ್ಷಕ್ಕೆ ವಾರ್ಷಿಕ ಬಡ್ಡಿ ಶೇ 2 ಹೆಚ್ಚಿದರೆ ಮೂರು ತಿಂಗಳಿಗೆ 5,000 ರೂಪಾಯಿ ಹೆಚ್ಚು ಹೊರೆ. ಖರೀದಿ ಕುಗ್ಗಬಹುದು, ರೈತನಿಗೆ ಸಿಗುವ ದರದಲ್ಲೂ ಅದು ಕಾಣಬಹುದು. ಆದರೆ ಆ ಪೆಟ್ಟಿನ ಆಳ ನಿರ್ಧಾರವಾಗುವುದು ಬಿಗಿ ಎಷ್ಟು ಕಾಲ ಉಳಿಯಿತು ಎಂಬುದರಿಂದ. 2013ರಲ್ಲಿ ಅದು ಕೆಲವೇ ತಿಂಗಳು. ಅಮೆರಿಕದಲ್ಲೂ 2022ರ ಜುಲೈನಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಎರಡು ವರ್ಷದ ಬಾಂಡಿನ ಇಳುವರಿ ಹತ್ತು ವರ್ಷದ್ದಕ್ಕಿಂತ ಮೇಲಿತ್ತು. ಆ ಅವಧಿಯಲ್ಲಿ ಹಿಂಜರಿತ ಬರಲಿಲ್ಲ. ಅಲ್ಲಿ ಬಡ್ಡಿ ಏರಿದ್ದು ಹಣದುಬ್ಬರಕ್ಕೆ. ಅದು ಇಳಿದರೆ ಬಡ್ಡಿಯೂ ಇಳಿಯುತ್ತದೆಂದು ಸಾಲ ಕೊಡುವವರು ಎಣಿಸಿರಬಹುದು. ಮುಂದೆ ರೇಖೆ ತಿರುಗಿದಾಗ ಮೊದಲು ನೋಡಬೇಕಾದ್ದು ಬಿಗಿ ಮಾಡಿದ್ದು ಯಾರು, ಯಾವ ಕಾರಣಕ್ಕೆ ಎಂಬುದು. ಆಮೇಲೆ ಬ್ಯಾಂಕುಗಳು ಗಿರಣಿಗಳಿಗೂ ಅಂಗಡಿಗಳಿಗೂ ಸಾಲ ಕೊಡುವುದನ್ನು ನಿಜಕ್ಕೂ ಕಡಿಮೆ ಮಾಡಿವೆಯೇ ಎಂಬುದು.