ಎಂಟು ಪಟ್ಟಿ, ಒಂದು ಹೀಪ್

ಒಂದು ಗ್ರಂಥಾಲಯಕ್ಕೆ ಎಂಟು ಶಾಖೆಗಳಿವೆ ಎನ್ನೋಣ. ಪ್ರತಿ ಶಾಖೆಯಲ್ಲೂ ಅಕಾರಾದಿಯಾಗಿ ಜೋಡಿಸಿದ 1000 ಪುಸ್ತಕಗಳ ಪಟ್ಟಿಯಿದೆ. ಎಲ್ಲವನ್ನೂ ಸೇರಿಸಿ ಒಂದೇ ಪಟ್ಟಿ ಮಾಡಬೇಕು.

ಮೊದಲು ಹೊಳೆಯುವುದು ಸಾಲಾಗಿ ಸೇರಿಸುವ ದಾರಿ. ಮೊದಲೆರಡನ್ನು ಸೇರಿಸಿ, ಬಂದದ್ದಕ್ಕೆ ಮೂರನೆಯದನ್ನು, ಆಮೇಲೆ ನಾಲ್ಕನೆಯದನ್ನು ಸೇರಿಸುತ್ತ ಹೋಗುವುದು. ಇದರಲ್ಲಿ ಮೊದಲ ಪಟ್ಟಿಯ ಹೆಸರುಗಳನ್ನು ಏಳು ಸಲ ಬರೆಯಬೇಕಾಗುತ್ತದೆ. 2000, 3000 ಎಂದು 8000ದವರೆಗೆ ಕೂಡಿದರೆ 35,000 ಬರಹ. ಅದರ ಬದಲು ನಾಲ್ಕು ಜೋಡಿ ಮಾಡಿ, ಆ ನಾಲ್ಕನ್ನು ಎರಡಾಗಿಸಿ, ಎರಡನ್ನು ಒಂದಾಗಿಸಿದರೆ ಮೂರೇ ಸುತ್ತು, 24,000 ಬರಹ. ಪಟ್ಟಿಗಳು 64 ಆದರೆ ಅಂತರ ಬೃಹತ್ತಾಗುತ್ತದೆ: ಸಾಲಾಗಿ ಸೇರಿಸಿದರೆ 20,79,000, ಜೋಡಿಯಾಗಿ ಸೇರಿಸಿದರೆ 3,84,000.

ಮಿನ್ ಹೀಪ್‌ನ ಕ್ರಮವೇ ಬೇರೆ. ಪ್ರತಿ ಪಟ್ಟಿಯ ಮೊದಲ ಹೆಸರನ್ನಷ್ಟೇ ಹೀಪ್‌ಗೆ ಹಾಕುತ್ತೇವೆ. ಎಲ್ಲಕ್ಕಿಂತ ಮುಂಚೆ ಬರಬೇಕಾದ ಹೆಸರು ತುದಿಯಲ್ಲಿರುತ್ತದೆ. ಅದನ್ನು ತೆಗೆದು ಬರೆದುಕೊಂಡು, ಅದು ಬಂದ ಪಟ್ಟಿಯ ಮುಂದಿನ ಹೆಸರನ್ನೇ ಆ ಜಾಗಕ್ಕಿಟ್ಟು, ತನ್ನ ಸ್ಥಾನ ಸಿಗುವವರೆಗೆ ಕೆಳಗಿಳಿಸುತ್ತೇವೆ. ಹೀಪ್‌ನಲ್ಲಿ ಎಂದೂ ಎಂಟಕ್ಕಿಂತ ಹೆಚ್ಚು ಹೆಸರಿರುವುದಿಲ್ಲ. ಪ್ರತಿ ಹೆಸರನ್ನೂ ಅಂತಿಮ ಪಟ್ಟಿಗೆ ಬರೆಯುವುದು ಒಂದೇ ಸಲ, ಒಟ್ಟು 8000.

ಹಾಗಾಗಿ ಹೀಪ್ ಯಾವಾಗಲೂ ವೇಗ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಳಗಿಳಿಸುವಾಗ ಪ್ರತಿ ಹಂತದಲ್ಲೂ ಎರಡು ಮಕ್ಕಳನ್ನು ಪರಸ್ಪರ ಹೋಲಿಸಬೇಕು, ಆಮೇಲೆ ಚಿಕ್ಕದನ್ನು ಇಳಿಯುವ ಹೆಸರಿನೊಂದಿಗೆ ಹೋಲಿಸಬೇಕು. ಎಂಟರ ಹೀಪ್‌ನಲ್ಲಿ ಒಂದು ಹೆಸರಿಗೆ 5 ಹೋಲಿಕೆಗಳವರೆಗೆ ಬೇಕಾಗಬಹುದು, ಅಂದರೆ ಒಟ್ಟು ಸುಮಾರು 40,000. ಜೋಡಿ ವಿಲೀನಕ್ಕೆ ಹೆಚ್ಚೆಂದರೆ 24,000. ಎರಡರ ಖರ್ಚೂ ಬೆಳೆಯುವುದು `N log k` ಪ್ರಮಾಣದಲ್ಲೇ. ಆದರೆ ಹೀಪ್ ಬರವಣಿಗೆಯನ್ನು ಉಳಿಸಿ ಹೋಲಿಕೆಯನ್ನು ಹೆಚ್ಚಿಸುತ್ತದೆ. ಪುಸ್ತಕದ ಹೆಸರುಗಳು ಉದ್ದವಾಗಿದ್ದು, ಮೊದಲ ಹಲವು ಅಕ್ಷರಗಳು ಒಂದೇ ಆಗಿದ್ದರೆ ಒಂದೊಂದು ಹೋಲಿಕೆಯೂ ದುಬಾರಿ.

ಒಂದೇ ಪುಸ್ತಕ ಎರಡು ಶಾಖೆಗಳಲ್ಲಿದ್ದಾಗ ಇನ್ನೊಂದು ತೊಡಕು ಬರುತ್ತದೆ. ಪೈಥಾನ್‌ನಲ್ಲಿ ಹೆಸರನ್ನೂ ಅದರ ಪಟ್ಟಿಯ ನೋಡ್ ಅನ್ನೂ ಜೋಡಿಯಾಗಿ ಹೀಪ್‌ಗೆ ಹಾಕಿದ್ದರೆ, ಹೆಸರು ಸಮನಾದಾಗ ಅದು ನೋಡ್‌ಗಳನ್ನೇ ಹೋಲಿಸಲು ಹೋಗಿ `TypeError` ಕೊಡುತ್ತದೆ. ನಡುವೆ ಶಾಖೆಯ ಸಂಖ್ಯೆಯನ್ನು ಸೇರಿಸಿದರೆ ಸಾಕು, ಶಾಖೆಗಳ ಕ್ರಮವೂ ಉಳಿಯುತ್ತದೆ.

ಪಟ್ಟಿಗಳು ಡಿಸ್ಕ್‌ನಲ್ಲಿದ್ದರೆ ಜೋಡಿ ವಿಲೀನ ಇಡೀ ದತ್ತಾಂಶವನ್ನು ಮೂರು ಸಲ ಓದಿ ಮೂರು ಸಲ ಬರೆಯುತ್ತದೆ, ಹೀಪ್ ಒಂದೊಂದೇ ಸಲ. ಅಲ್ಲಿ ಹೀಪನ್ನೇ ಆರಿಸಿಕೊಳ್ಳಿ. ಎಲ್ಲವೂ ಮೆಮೊರಿಯಲ್ಲೇ ಹಿಡಿಯುವಂತಿದ್ದು ಹೋಲಿಕೆ ದುಬಾರಿಯಾಗಿದ್ದರೆ, ಸಮತೋಲದ ಜೋಡಿ ವಿಲೀನವೇ ಮೇಲು.