ಊಟವಾದ ಮೇಲೆ ನಾಲ್ಕು ಸ್ತುತಿ

ಪ್ರಶ್ನೆ: ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೊಸ ಮೆಷಿನ್ ಕೂರಿಸಲು ವಿದೇಶದಿಂದ ಬಂದಿದ್ದ ಯಹೂದಿ ಎಂಜಿನಿಯರ್ ಒಬ್ಬರು ಎರಡು ವಾರ ನಮ್ಮ ಜೊತೆ ಕ್ಯಾಂಟೀನಿನಲ್ಲಿ ಕೂತು, ತಾವೇ ತಂದ ಬ್ರೆಡ್ ತಿನ್ನುತ್ತಿದ್ದರು. ತಿಂದಾದ ಮೇಲೆ ಕೂತಲ್ಲೇ ಚಿಕ್ಕ ಪುಸ್ತಕ ತೆಗೆದು ನಾಲ್ಕೈದು ನಿಮಿಷ ಓದಿಕೊಳ್ಳುತ್ತಿದ್ದರು. ನಮ್ಮದು ಅರ್ಧ ಗಂಟೆಯ ಬಿಡುವು. ಒಂದು ದಿನ ಸೈರನ್ ಆದಾಗ ನಾನು ಅವರ ಭುಜ ಮುಟ್ಟಿ “ಬನ್ನಿ ಸಾರ್, ಟೈಮ್ ಆಯ್ತು” ಅಂದುಬಿಟ್ಟೆ. ಅವರು ಉತ್ತರ ಕೊಡದೆ ಕೈಸನ್ನೆ ಮಾಡಿ ಓದು ಮುಗಿಸಿಯೇ ಎದ್ದರು. ಆಮೇಲೆ “ನಾಲ್ಕು ಭಾಗ ಇದೆ, ಮಧ್ಯದಲ್ಲಿ ಮಾತಾಡಬಾರದು” ಅಂದರು. ಆ ನಾಲ್ಕು ಏನು, ಯಾಕೆ ಆ ಕ್ರಮ? ನಾನು ಮಾಡಿದ್ದು ತಪ್ಪಾಯಿತೇ?
— ಓದುಗರೊಬ್ಬರು, ದಾಸರಹಳ್ಳಿ

ಉತ್ತರ: ಅವರು ಓದುತ್ತಿದ್ದುದಕ್ಕೆ ‘ಬಿರ್ಕತ್ ಹಮಝೋನ್’ ಎಂದು ಹೆಸರು. ಅನ್ನಕ್ಕಾಗಿ ಮಾಡುವ ಸ್ತುತಿ ಎಂದರ್ಥ. ನಮ್ಮಲ್ಲಿ ಪರಿಷೇಚನ, ಪ್ರಾಣಾಹುತಿ ಎಂದು ಹೆಚ್ಚಿನ ವಿಧಿಯೆಲ್ಲ ಊಟಕ್ಕೆ ಮುಂಚೆ. ಕೊನೆಗೆ ಉತ್ತರಾಪೋಶನ ತೆಗೆದುಕೊಂಡು ಏಳುತ್ತೇವೆ. ಅವರಲ್ಲಿ ಬ್ರೆಡ್ ಮುರಿಯುವ ಮುಂಚೆ ಹೇಳುವುದು ಒಂದೇ ಒಂದು ವಾಕ್ಯ, ದೊಡ್ಡ ವಿಧಿ ಊಟ ಆದ ಮೇಲೆ. ಇದಕ್ಕೆ ಆಧಾರ ಅವರ ಶಾಸ್ತ್ರದ ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯ. ಉಂಡು ತೃಪ್ತನಾದ ಮೇಲೆ ದೇವರನ್ನು ಸ್ತುತಿಸು ಎಂದು ಅಲ್ಲಿ ಹೇಳಿ, ಮುಂದಕ್ಕೇ ಒಂದು ಎಚ್ಚರಿಕೆಯನ್ನೂ ಇಟ್ಟಿದೆ: ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ಹಣ ಕೂಡಿದಾಗ ಮನುಷ್ಯ ಕೊಟ್ಟವನನ್ನು ಮರೆಯುತ್ತಾನೆ ಎಂದು. ಹಸಿದವನಿಗೆ ದೇವರ ನೆನಪು ತಾನಾಗಿ ಬರುತ್ತದೆ. ಉಂಡವನಿಗೆ ನೆನಪು ಮಾಡಿಕೊಡಬೇಕು. ಅದಕ್ಕೇ ವಿಧಿ ಆ ಕಡೆಗೆ ಸರಿದಿದೆ.

ಈಗ ನಾಲ್ಕರ ವಿಷಯ. ಮೊದಲನೆಯದು ಲೋಕಕ್ಕೆಲ್ಲ ಅನ್ನ ಕೊಡುವವನ ಸ್ತುತಿ. ಇದರಲ್ಲಿ ತಮ್ಮ ಜನ, ಬೇರೆ ಜನ ಎಂಬ ಭೇದವಿಲ್ಲ. ಜೀವವಿರುವ ಎಲ್ಲಕ್ಕೂ ಆಹಾರ ಕೊಡುವವನು ಎಂದಿದೆ. ಎರಡನೆಯದು ಆ ಅನ್ನ ಬೆಳೆದ ನೆಲಕ್ಕೆ ಕೃತಜ್ಞತೆ. ಪೂರ್ವಜರಿಗೆ ಮಾತು ಕೊಟ್ಟ ನಾಡು, ಅದರ ಜೊತೆಗೆ ದೇವರೊಂದಿಗಿನ ಒಡಂಬಡಿಕೆ ಮತ್ತು ಶಾಸ್ತ್ರ, ಮೂರನ್ನೂ ಇಲ್ಲಿ ನೆನೆಯಬೇಕು. ಮೂರನೆಯದು ಜೆರೂಸಲೇಮ್ ನಗರದ ಮೇಲೆ ಕರುಣೆ ಇಡು, ಅದನ್ನು ಮತ್ತೆ ಕಟ್ಟು ಎಂಬ ಬೇಡಿಕೆ. ಅನ್ನದಿಂದ ನೆಲಕ್ಕೆ, ನೆಲದಿಂದ ಊರಿಗೆ ಬರುವ ದಾರಿ ಇದು. ಅವರ ತಾಲ್ಮೂದ್ ಎಂಬ ಗ್ರಂಥ ಇದೇ ಕ್ರಮಕ್ಕೆ ಇತಿಹಾಸವನ್ನೂ ಜೋಡಿಸುತ್ತದೆ. ಮರುಭೂಮಿಯಲ್ಲಿ ಆಕಾಶದಿಂದ ‘ಮನ್ನಾ’ ಎಂಬ ಆಹಾರ ಬಿದ್ದಾಗ ಮೋಶೆ ಮೊದಲನೆಯದನ್ನು ಹೇಳಿದನಂತೆ, ನಾಡಿಗೆ ಕಾಲಿಟ್ಟಾಗ ಯೆಹೋಶುವ ಎರಡನೆಯದನ್ನು, ನಗರವೂ ದೇವಾಲಯವೂ ಆದಾಗ ದಾವೀದ ಮತ್ತು ಸೊಲೊಮೋನರು ಮೂರನೆಯದನ್ನು.

ನಾಲ್ಕನೆಯದರ ಕಥೆ ಬೇರೆ, ಸ್ವಲ್ಪ ನಿಂತು ಕೇಳಬೇಕಾದದ್ದು. ಕ್ರಿಸ್ತಶಕ 70ರಲ್ಲಿ ರೋಮನರು ದೇವಾಲಯವನ್ನು ಸುಟ್ಟರು. ಆಮೇಲೆ 132ರಲ್ಲಿ ಯಹೂದಿಗಳು ಇನ್ನೊಮ್ಮೆ ದಂಗೆ ಎದ್ದರು. 135ರಲ್ಲಿ ಬೇತಾರ್ ಎಂಬ ಕೋಟೆ ಬಿತ್ತು, ಒಳಗಿದ್ದವರು ಹತರಾದರು, ಹೆಣಗಳಿಗೆ ಮಣ್ಣು ಕೊಡಲೂ ಬಹುಕಾಲ ಅಪ್ಪಣೆ ಸಿಗಲಿಲ್ಲ ಎನ್ನುತ್ತದೆ ಅವರ ಪರಂಪರೆ. ಕಡೆಗೊಂದು ದಿನ ಅನುಮತಿ ಸಿಕ್ಕಿತು. ಅದೇ ದಿನ ಯಾವ್ನೆ ಎಂಬ ಊರಿನ ಪಂಡಿತರು ಈ ಸ್ತುತಿಯನ್ನು ಸೇರಿಸಿದರು ಎಂದು ತಾಲ್ಮೂದ್ ಹೇಳುತ್ತದೆ. ಅದರ ಹೆಸರೇ ‘ಒಳ್ಳೆಯವನು, ಒಳ್ಳೆಯದನ್ನು ಮಾಡುವವನು’. ಹೆಣಗಳು ಕೊಳೆಯಲಿಲ್ಲ, ಆದ್ದರಿಂದ ಒಳ್ಳೆಯವನು. ಮಣ್ಣಿಗೆ ಹೋಗುವ ಭಾಗ್ಯ ಸಿಕ್ಕಿತು, ಆದ್ದರಿಂದ ಒಳ್ಳೆಯದನ್ನು ಮಾಡುವವನು. ನೆಲ ಹೋಗಿದೆ, ನಗರ ಹೋಗಿದೆ, ಹಿಂದಿನ ಎರಡು ಸ್ತುತಿಯ ವಸ್ತುವೇ ಕೈತಪ್ಪಿದೆ. ಆಗಲೂ ಉಂಡವನು ಎದ್ದುಹೋಗುವ ಮೊದಲು ಇಷ್ಟಾದರೂ ಸಿಕ್ಕಿತಲ್ಲ ಎನ್ನಬೇಕು ಎಂದು ಅವರು ಕಂಡರು. ಮಣ್ಣು ಸಿಗುವುದು ದೊಡ್ಡದು ಎಂಬುದನ್ನು ನಮ್ಮ ಊರೂ ಬಲ್ಲದು. ಇಲ್ಲಿದ್ದ ಕೆಲವೇ ಯಹೂದಿ ಕುಟುಂಬಗಳಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಸ್ಮಶಾನದ ಜಾಗ ಮೈಸೂರು ರಸ್ತೆಯ ಕಡೆ ಇವತ್ತಿಗೂ ಇದೆ.

ಇನ್ನು ನಿಮ್ಮ ಸೈರನ್ನಿಗೆ ಬರೋಣ. ಈ ಪ್ರಶ್ನೆ ನಿಮಗೊಬ್ಬರಿಗೇ ಹುಟ್ಟಿದ್ದಲ್ಲ, ತಾಲ್ಮೂದಿನಲ್ಲೇ ಇದೆ. ಕೂಲಿಗೆ ಹೋದವನು ಊಟದ ಮೇಲೆ ಎಷ್ಟು ಹೇಳಬೇಕು? ಅವನ ಸಮಯ ಧಣಿಯದು, ಸ್ವಂತದ್ದಲ್ಲ. ಆದ್ದರಿಂದ ಅವನಿಗೆ ಎರಡೇ ಸಾಕು ಎಂದರು. ಮೊದಲನೆಯದು ಪೂರ್ತಿ. ಎರಡನೆಯದನ್ನು ನೆಲದಿಂದ ಶುರುಮಾಡಿ ಅದರೊಳಗೇ ಜೆರೂಸಲೇಮನ್ನೂ ಸೇರಿಸಿ ಮುಗಿಸುವುದು. ನಾಲ್ಕನೆಯದು ಬಿಟ್ಟುಹೋಗುತ್ತದೆ, ಏಕೆಂದರೆ ಮೊದಲ ಮೂರು ಶಾಸ್ತ್ರದ ಆಜ್ಞೆ, ನಾಲ್ಕನೆಯದು ಪಂಡಿತರು ಸೇರಿಸಿದ್ದು. ಆದರೆ ಅವನು ಬರೀ ಊಟಕ್ಕಾಗಿ ದುಡಿಯುವವನಾದರೆ, ಅಥವಾ ಧಣಿಯೇ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರೆ, ನಾಲ್ಕೂ ಹೇಳಬೇಕು. ಆಗ ಧಣಿಯ ಸಮಯ ಕದ್ದಂತಾಗುವುದಿಲ್ಲ. ನೋಡಿ, ದೇವರಿಗೆ ಹೇಳುವ ಮಾತಿನಲ್ಲೂ ಕೂಲಿ ಕೊಟ್ಟವನ ಪಾಲನ್ನು ಲೆಕ್ಕ ಹಾಕಿದ್ದಾರೆ. ನನಗಂತೂ ಇದು ಬಹಳ ಹಿಡಿಸಿತು.

ಮೂರನೆಯದರ ಕೊನೆಯಲ್ಲಿ ಒಂದು ‘ಆಮೆನ್’ ಇದೆ. ತಾನೇ ಹೇಳಿದ ಸ್ತುತಿಗೆ ತಾನೇ ಆಮೆನ್ ಅನ್ನುವುದು ಅವರಲ್ಲಿ ವಾಡಿಕೆಯಲ್ಲ, ಇಲ್ಲಿ ಮಾತ್ರ ಅನ್ನುತ್ತಾರೆ. ಆಜ್ಞೆಯ ಭಾಗ ಮುಗಿಯಿತು ಎಂಬ ಗುರುತು ಅದು. ಅಬಯೆ ಎಂಬ ಪಂಡಿತ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದ, ಕೆಲಸಗಾರರು ಕೇಳಿಸಿಕೊಂಡು ಎದ್ದು ಕೆಲಸಕ್ಕೆ ಹೋಗಲಿ ಎಂದು. ಹೀಗೆಂದರೆ ಅದೂ ಒಂದು ಸೈರನ್ನೇ! ರವ್ ಆಶಿ ಎಂಬಾತ ಮಾತ್ರ ಮೆಲ್ಲಗೆ ಹೇಳುತ್ತಿದ್ದ. ಗಟ್ಟಿಯಾಗಿ ಹೇಳಿದರೆ ಜನ ನಾಲ್ಕನೆಯದನ್ನು ಹಗುರ ಮಾಡಿಯಾರು ಎಂಬ ಅಂಜಿಕೆ ಅವನಿಗೆ.

ಹಾಗಾದರೆ ನಿಮ್ಮ ಅತಿಥಿ ಎರಡಕ್ಕೆ ಯಾಕೆ ನಿಲ್ಲಿಸಲಿಲ್ಲ? ನಂತರದ ಕಾಲದ ಧರ್ಮಶಾಸ್ತ್ರದಲ್ಲಿ, ಈಗಿನ ಧಣಿಗಳು ಇಷ್ಟಕ್ಕೆಲ್ಲ ಆಕ್ಷೇಪಿಸುವುದಿಲ್ಲ, ಕೆಲಸಕ್ಕೆ ಇಟ್ಟುಕೊಳ್ಳುವಾಗಲೇ ಒಪ್ಪಿಕೊಂಡಂತೆ, ಆದ್ದರಿಂದ ಎಲ್ಲರೂ ನಾಲ್ಕನ್ನೂ ಹೇಳಬೇಕು ಎಂದು ತೀರ್ಮಾನವಾಗಿದೆ. ಅವರು ಅದರಂತೆ ನಡೆದರು. ಉಂಡ ಜಾಗದಲ್ಲೇ ಕೂತು ಹೇಳಬೇಕು, ನಡುವೆ ಮಾತಾಡಬಾರದು ಎಂಬುದೂ ನಿಯಮವೇ. ಕೈಸನ್ನೆ ಅದಕ್ಕೆ, ಅಸಡ್ಡೆಗಲ್ಲ. ನೀವು ಗೊತ್ತಿಲ್ಲದೆ ಕರೆದಿರಿ, ಅವರ ವಿಧಿ ಕೆಡಲಿಲ್ಲ. ಇದರಲ್ಲಿ ನಿಮ್ಮ ಮೇಲೆ ದೋಷವೇನೂ ಇಲ್ಲ. ಮನಸ್ಸಿಗೆ ಚುಚ್ಚುತ್ತಿದ್ದರೆ ಅವರಿಗೆ ಒಂದು ಮಾತು ಬರೆದು ಹಾಕಿ, ಮುಗಿಯಿತು.

ಅವರು ಮತ್ತೆ ಬಂದರೆ ಅನುಕೂಲವಾಗಲಿ ಎಂದು ಎರಡು ಮಾತು. ಈ ನಾಲ್ಕು ಸ್ತುತಿ ಬ್ರೆಡ್ ತಿಂದ ಊಟಕ್ಕೆ ಮಾತ್ರ, ಅದೂ ಕನಿಷ್ಠ ಒಂದು ಆಲಿವ್ ಕಾಯಿಯಷ್ಟು ತಿಂದಿದ್ದರೆ. ಬರೀ ಅನ್ನವನ್ನೋ ಹಣ್ಣನ್ನೋ ತಿಂದ ದಿನ ಅವರು ಚಿಕ್ಕದೊಂದನ್ನು ಹೇಳಿ ಬೇಗ ಎದ್ದರೆ ಭಕ್ತಿ ಇಳಿಯಿತು ಎಂದುಕೊಳ್ಳಬೇಡಿ. ಇನ್ನೊಂದು, ಸ್ತುತಿ ಮುಗಿಯುವವರೆಗೆ ಮೇಜಿನ ಮೇಲೆ ಒಂದು ಚೂರು ಬ್ರೆಡ್ ಇರಬೇಕು ಎಂಬುದು ಅವರ ಪದ್ಧತಿ. ನಾವು ಎಂಜಲೆಂದು ಕೂಡಲೇ ಎತ್ತಿ ಒರೆಸುತ್ತೇವಲ್ಲ, ಅವರ ಮುಂದಿನದನ್ನು ಮಾತ್ರ ಎತ್ತಬೇಡ ಎಂದು ಕ್ಯಾಂಟೀನಿನ ಹುಡುಗನಿಗೆ ಹೇಳಿಡಿ.