ನೈದಿಲೆಯ ಏಟು

ಸೋಲ್ನಾದಲ್ಲಿ ಮೆಟ್ರೋದ ನೀಲಿ ಗೆರೆಯ ಮೇಲೆ ನೆಕ್‌ರೂಸೆನ್ ಎಂಬ ನಿಲ್ದಾಣವಿದೆ. ನಮ್ಮಲ್ಲಿ ಅನೇಕರು ದಿನವೂ ಅಲ್ಲಿ ಹತ್ತಿ ಇಳಿಯುವವರೇ. ಆ ಸ್ವೀಡಿಷ್ ಹೆಸರಿನ ಅರ್ಥ ನೈದಿಲೆ. ಆ ಹೆಸರು ಕಂಡಾಗಲೆಲ್ಲ ನಮಗೆ ಜನ್ನನ ನೆನಪಾಗುತ್ತದೆ. ಕ್ರಿ.ಶ. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ಒಬ್ಬ ಗಂಡ ತನ್ನ ಹೆಂಡತಿಯನ್ನು ನೈದಿಲೆಯಿಂದ ಹೊಡೆಯುತ್ತಾನೆ.

ಕಥೆ ಹೆಚ್ಚಿನವರಿಗೆ ಗೊತ್ತಿದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನೋಡಿದವರಿಗೂ ಪರಿಚಯವಿದೆ. ರಾಣಿ ಅಮೃತಮತಿ ರಾತ್ರಿ ಹಾಡಿದ ಮಾವುತನ ದನಿಗೆ ಮರುಳಾಗಿ ಅವನ ಬಳಿ ಹೋಗುತ್ತಾಳೆ. ಅನುಮಾನಗೊಂಡ ರಾಜ ಯಶೋಧರ ನಿದ್ದೆ ಬಂದವನಂತೆ ನಟಿಸಿ, ಕತ್ತಿ ಹಿಡಿದು ಅವಳ ಹಿಂದೆಯೇ ಕದ್ದು ನಡೆಯುತ್ತಾನೆ. ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದು ಹಿಂದಿರುಗಿ, ಏನೂ ಆಗದವನಂತೆ ಮಲಗುತ್ತಾನೆ. ಮರುದಿನ ವಿನೋದದ ನೆಪದಲ್ಲಿ ರಾಣಿಯನ್ನು ನೈದಿಲೆಯಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬಿದ್ದಾಗ ಚುಚ್ಚುಮಾತಾಡುತ್ತಾನೆ. ತಾಯಿ ಕೇಳಿದರೆ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ಆ ಸುಳ್ಳು ಕನಸಿನ ಶಾಂತಿಗಾಗಿಯೇ ಹಿಟ್ಟಿನ ಹುಂಜದ ಬಲಿ. ಕೊನೆಗೆ ತಾಯಿ ಮಗ ಇಬ್ಬರಿಗೂ ರಾಣಿಯ ಕೈಯ ವಿಷದೂಟ.

ಸಂಕಲ್ಪ ಹಿಂಸೆಯೂ ಹಿಂಸೆಯೇ ಎಂದು ತೋರಿಸುವುದು ಜನ್ನನ ಉದ್ದೇಶ. ನಾವಿಲ್ಲಿ ಹೇಳುವುದು ಬೇರೆ ಮಾತು. ಯಶೋಧರನ ಅನುಮಾನ ನಿಜವೇ ಆಗಿತ್ತು. ಅವನ ಕೈಯಲ್ಲಿ ಪೂರ್ಣ ಸಾಕ್ಷಿ ಇತ್ತು. ಆದರೂ ಆ ಸಾಕ್ಷಿಯಿಂದ ಒಂದು ನೇರವಾದ ಮಾತನ್ನಾಡಲು ಅವನಿಗಾಗಲಿಲ್ಲ. ಕದ್ದು ನೋಡಿದವನಿಗೆ ತಾನು ಹೇಗೆ ತಿಳಿದೆ ಎಂದು ಹೇಳುವುದು ಕಷ್ಟ. ಹೂವಿನಲ್ಲಿ ಹೊಡೆಯುವುದು, ಕನಸು ಕಟ್ಟುವುದು, ಇಷ್ಟೇ ಅವನಿಗೆ ಉಳಿದ ದಾರಿ.

ಇದನ್ನು ಬರೆಯುವ ನಾವಿಬ್ಬರೂ ಒಮ್ಮೆ ಈ ಹೂವಿನ ಏಟಿನ ತೀರ ಹತ್ತಿರ ಬಂದಿದ್ದೆವು. ಹೇಳಿಕೊಳ್ಳಲು ಸಂಕೋಚವೇ. ಆದರೂ ನಮ್ಮ ಪುಟ್ಟ ಸಮುದಾಯದಲ್ಲಿ ಇಂಥ ಸಂಕಟದವರು ನಾವಿಬ್ಬರೇ ಇರಲಾರೆವು ಎಂದು ಬರೆಯುತ್ತಿದ್ದೇವೆ. ನಮ್ಮಲ್ಲಿ ಅನುಮಾನಿಸಿದವರು ಯಾರು, ಅನುಮಾನಕ್ಕೆ ಗುರಿಯಾದವರು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಓದುವವರು ಪಕ್ಷ ಕಟ್ಟಿಬಿಡುತ್ತಾರೆ!

ಆ ಚಳಿಗಾಲ ನಮ್ಮಲ್ಲೊಬ್ಬರು ಐದು ವಾರ ಕಾಲ ಮಂಗಳವಾರ ಮತ್ತು ಗುರುವಾರ ಸಂಜೆ ಆರಕ್ಕೆ ಬದಲಾಗಿ ಎಂಟೂವರೆಗೆ ಮನೆಗೆ ಬರುತ್ತಿದ್ದರು. ಕೇಳಿದರೆ ‘ಮೀಟಿಂಗ್’ ಎಂಬ ಒಂದೇ ಪದ. ಊಟದ ಮೇಜಿನ ಮೇಲೆ ಫೋನು ಬೋರಲಾಗಿ ಮಲಗುತ್ತಿತ್ತು. ಒಂದು ಗುರುವಾರ ಆಫೀಸಿನ ಸ್ನೇಹಿತರೊಬ್ಬರು ಅಂಗಡಿಯಲ್ಲಿ ಸಿಕ್ಕಿ, ‘ಇವತ್ತು ಎಲ್ಲರೂ ಬೇಗ ಹೊರಟೆವು’ ಎಂದರು. ಅಂದು ರಾತ್ರಿ ಇನ್ನೊಬ್ಬರಿಗೆ ನಿದ್ದೆ ಬರಲಿಲ್ಲ. ಫೋನು ಪಕ್ಕದಲ್ಲೇ ಚಾರ್ಜಿಗೆ ಬಿದ್ದಿತ್ತು. ಅದರ ಗುಪ್ತ ಸಂಖ್ಯೆ ಮಗಳ ಹುಟ್ಟಿದ ದಿನವೆಂಬುದು ಮನೆಗೆಲ್ಲ ಗೊತ್ತು.

ಆ ಕೈ ಫೋನಿನವರೆಗೆ ಹೋಗಿ ಹಿಂದೆ ಬಂದದ್ದು ದೊಡ್ಡ ತತ್ತ್ವದಿಂದಲ್ಲ, ಒಂದು ಲೆಕ್ಕಾಚಾರದಿಂದ. ನೋಡಿ ಏನೂ ಸಿಗದಿದ್ದರೆ? ‘ಅಳಿಸಿರಬೇಕು’ ಎನ್ನುತ್ತದೆ ಮನಸ್ಸು. ಏನೂ ನಡೆದಿಲ್ಲ ಎಂಬುದಕ್ಕೆ ಯಾವ ಫೋನಿನಲ್ಲೂ ಸಾಕ್ಷಿ ಇರುವುದಿಲ್ಲ. ಹಾಗಾಗಿ ನಾಳೆ ಮತ್ತೆ ನೋಡಬೇಕಾಗುತ್ತದೆ. ಅರ್ಧಂಬರ್ಧ ಏನೋ ಸಿಕ್ಕರೆ? ಯಾರಿಗೋ ಬರೆದ ‘ನಾಳೆ ಸಿಗೋಣ, ಥ್ಯಾಂಕ್ಸ್’ ಎಂಬ ಸಾಲನ್ನು ರಾತ್ರಿ ಎರಡು ಗಂಟೆಗೆ ಓದಿದರೆ ಅದಕ್ಕೆ ಒಂದೇ ಅರ್ಥ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ. ಎರಡರಲ್ಲಿ ಯಾವುದಾದರೂ, ಬೆಳಿಗ್ಗೆ ಏಳುವಾಗ ಮನೆಯಲ್ಲಿ ಬಚ್ಚಿಡುವವರು ಒಬ್ಬರ ಬದಲು ಇಬ್ಬರಾಗಿರುತ್ತಾರೆ.

ಇದರ ಜೊತೆಗೆ ಕಾನೂನಿನ ಮಾತೂ ಇದೆ. ಬೇರೆಯವರ ಫೋನು, ಈ-ಮೇಲ್ ಖಾತೆಗಳನ್ನು ಅನುಮತಿಯಿಲ್ಲದೆ ತೆರೆದು ನೋಡುವುದು ಸ್ವೀಡನ್ನಿನಲ್ಲಿ ‘ದಾತಾಇನ್‌ತ್ರೋಂಗ್’ ಎಂಬ ಅಪರಾಧ. ದಂಡ ಅಥವಾ 2 ವರ್ಷದವರೆಗೆ ಜೈಲು. ಗಂಡ ಹೆಂಡತಿ ಎಂಬ ವಿನಾಯಿತಿ ಇಲ್ಲ. ತಾವಿಲ್ಲದ ಮಾತುಕತೆಯನ್ನು ಕದ್ದು ರೆಕಾರ್ಡ್ ಮಾಡುವುದೂ ಅಪರಾಧವೇ. ಊರಿಗೆ ಫೋನು ಮಾಡಿದರೆ ‘ಮೊದಲು ಸಾಕ್ಷಿ ಹಿಡಿ’ ಎನ್ನುವ ಬಂಧುಗಳಿರುತ್ತಾರೆ. ಅವರ ಮಾತಿಗೆ ಅಲ್ಲಿ ಕಾರಣವಿದೆ. ಭಾರತದಲ್ಲಿ 2018ರಿಂದ ವ್ಯಭಿಚಾರ ಅಪರಾಧವಲ್ಲದಿದ್ದರೂ ಹಿಂದೂ ವಿವಾಹ ಕಾಯ್ದೆಯಡಿ ಅದು ವಿಚ್ಛೇದನಕ್ಕೆ ಆಧಾರ. ಆದ್ದರಿಂದ ಅಲ್ಲಿ ಸಾಕ್ಷಿಗೆ ಬೆಲೆಯಿದೆ. ಇಲ್ಲಿಯ ಕಾನೂನು 1974ರಿಂದ ತಪ್ಪು ಯಾರದೆಂದು ಕೇಳುವುದೇ ಇಲ್ಲ. ಬೇರೆಯಾಗಬೇಕೆಂದರೆ ಅರ್ಜಿ ಸಾಕು. ಮನೆಯಲ್ಲಿ 16ರ ಕೆಳಗಿನ ಮಕ್ಕಳಿದ್ದರೆ, ಇಲ್ಲವೆ ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೆ, ಯೋಚಿಸಲು 6 ತಿಂಗಳ ಅವಧಿ. ಅಂದರೆ ಕದ್ದು ತಂದ ಸಾಕ್ಷಿಯನ್ನು ಇಲ್ಲಿ ಒಪ್ಪಿಸಲು ಕಟಕಟೆಯೇ ಇಲ್ಲ.

ಹಾಗಾದರೆ ಸುಮ್ಮನಿರಬೇಕೆ? ಸುಮ್ಮನಿರುವುದೂ ಸುಳ್ಳೇ. ಅದು ಸಾರಿಗೆ ಉಪ್ಪು ಜಾಸ್ತಿಯಾಯಿತೆಂಬ ಜಗಳವಾಗಿ ಹೊರಬರುತ್ತದೆ. ಅನುಮಾನಿಸಿದವರು ಮರುದಿನ ಒಂದು ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆದರು. ಎಡಗಡೆ ಕಂಡದ್ದು, ಬಲಗಡೆ ಊಹಿಸಿದ್ದು. ಎಡಗಡೆ ಬಂದದ್ದು ಮೂರೇ ಸಾಲು: ಎರಡು ವಾರಗಳು, ಬೋರಲು ಫೋನು, ಸ್ನೇಹಿತರ ಮಾತು. ಬಲಗಡೆ ಇಡೀ ಪುಟ ತುಂಬಿತು. ಬಲಗಡೆಯ ಒಂದು ಸಾಲೂ ಎಡಗಡೆಗೆ ದಾಟುವಂತಿರಲಿಲ್ಲ. ಆಮೇಲೆ ಆ ಕಾಗದವನ್ನು ಹರಿದು ಹಾಕಿದರು, ಏಕೆಂದರೆ ಅದು ಆರೋಪಪಟ್ಟಿಯಲ್ಲ.

ಮಾತಿಗೆ ಹೊತ್ತು ಗೊತ್ತು ಮುಖ್ಯ. ಮಲಗುವ ಹೊತ್ತಿನಲ್ಲಿ, ಮಕ್ಕಳು ಹಿಂದೆ ಕೂತ ಕಾರಿನಲ್ಲಿ, ಊರಿನಿಂದ ಅತ್ತೆ ಮಾವ ಬಂದಿರುವಾಗ ಬೇಡ. ಯುಗಾದಿ ಊಟದ ಪಂಕ್ತಿಯಲ್ಲಿ ಮೂರನೆಯವರ ಬಳಿ ‘ಇತ್ತೀಚೆಗೆ ನಿಮ್ಮ ಆಫೀಸಿನಲ್ಲಿ ಮೀಟಿಂಗ್ ಜಾಸ್ತಿಯೇ?’ ಎಂದು ವಿಚಾರಿಸುವುದಂತೂ ಬೇಡವೇ ಬೇಡ. ಕೇಳಿದ್ದು ಒಂದೇ ಪ್ರಶ್ನೆಯಾದರೂ ಮುಂದಿನ ಸಮಾರಂಭದ ಹೊತ್ತಿಗೆ ಅದು ತೀರ್ಪಾಗಿರುತ್ತದೆ. ನಾವು ಒಂದು ಭಾನುವಾರ ಬೆಳಿಗ್ಗೆ ರೋಸ್ತಾ ಕೆರೆಯ ಸುತ್ತ ನಡೆಯಲು ಹೋದೆವು. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಿ ವಿಚಾರಣೆ ಮಾಡಿದಂತಾಗುವುದಿಲ್ಲ.

ಅಂದು ಆಡಿದ ಮಾತು ಇಬ್ಬರಿಗೂ ಬಾಯಿಪಾಠವಾಗಿದೆ. (ಸ್ವೀಡಿಷರ ‘ಡೂ’ ನಮ್ಮ ಮನೆಗೂ ಬಂದಿರುವುದರಿಂದ ನಾವು ಪರಸ್ಪರ ನೀನು ಎನ್ನುವವರೇ.) ‘ಐದು ವಾರದಿಂದ ಮಂಗಳವಾರ, ಗುರುವಾರ ನೀನು ತಡವಾಗಿ ಬರ್ತಿದ್ದೀಯ. ಮೊನ್ನೆ ಮೀಟಿಂಗ್ ಇರಲಿಲ್ಲ ಅಂತ ನಿನ್ನ ಆಫೀಸಿನವರ ಮಾತಿನಿಂದ ತಿಳೀತು. ಕಾರಣ ನನಗೆ ಗೊತ್ತಿಲ್ಲ. ನನ್ನ ಮನಸ್ಸು ಬೇರೆ ಯಾರೋ ಇದ್ದಾರೋ ಏನೋ ಅನ್ನೋವರೆಗೂ ಹೋಗಿದೆ. ಇದ್ದಾರೆ ಅಂತ ನಾನು ಹೇಳ್ತಾ ಇಲ್ಲ. ಈ ಭಯ ಒಬ್ಬರೇ ಹೊರೋಕೆ ಆಗ್ತಿಲ್ಲ. ಏನಾಗ್ತಿದೆ ಅಂತ ಹೇಳ್ತೀಯಾ?’

ಇದರಲ್ಲಿ ಇಲ್ಲದ ಎರಡು ಸಂಗತಿಗಳನ್ನು ಗಮನಿಸಬೇಕು. ‘ನನಗೆ ಎಲ್ಲ ಗೊತ್ತು, ನಿಜ ಹೇಳು’ ಎಂಬ ಬೆದರಿಕೆಯ ಸುಳ್ಳು ಇಲ್ಲ. ಹಾಗೆಯೇ ಬಲೆಯೂ ಇಲ್ಲ. ಮೀಟಿಂಗ್ ಇರಲಿಲ್ಲವೆಂದು ತಿಳಿದೂ ‘ಮೀಟಿಂಗ್ ಹೇಗಿತ್ತು?’ ಎಂದು ಕೇಳಿ, ಸುಳ್ಳು ಹೇಳಲಿ ಎಂದು ಕಾಯುವುದು ಬಲೆ. ಅದು ಮಾತಿನ ನೈದಿಲೆ. ಹೊಡೆತ ಬಿದ್ದವರಿಗೆ ನೋವು ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ.

ಮೊದಲ ಉತ್ತರ ಸಿಟ್ಟು. ‘ನನ್ನನ್ನೇ ಅನುಮಾನಿಸ್ತೀಯಾ?’ ಅದಕ್ಕೆ ಬಂದದ್ದು ಇಷ್ಟೇ: ‘ಬಂದಿದೆ. ಬಚ್ಚಿಡದೆ ನಿನಗೇ ಹೇಳ್ತಿದ್ದೇನೆ.’ ಆಮೇಲೆ ಸುಮ್ಮನಾದರು. ಕೆರೆ ಅರ್ಧ ಸುತ್ತುವವರೆಗೆ ಇಬ್ಬರೂ ಮಾತಾಡಲಿಲ್ಲ. ಆ ಮೌನವನ್ನು ಕೆದಕದೆ ಬಿಟ್ಟದ್ದೇ ಒಳ್ಳೆಯದಾಯಿತು. ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿ ಹೆಸರಿತ್ತು. ವಾರಕ್ಕೆ ಎರಡು ದಿನ ಗ್ರಂಥಾಲಯದಲ್ಲಿ ಕುಳಿತು ಅರ್ಜಿ ಬರೆಯುತ್ತಿದ್ದರು. ಹೇಳಲು ನಾಚಿಕೆ.

ಕಥೆ ಸುಖಾಂತವಾಯಿತೆಂದು ಇದನ್ನು ಹೇಳುತ್ತಿಲ್ಲ. ಐದು ವಾರ ಸುಳ್ಳು ಹೇಳಿದ್ದು ಸುಳ್ಳೇ. ಅದರ ನೋವು ಆರಲು ಬಹಳ ದಿನ ಹಿಡಿಯಿತು. ಉತ್ತರ ‘ಹೌದು, ಬೇರೆಯವರಿದ್ದಾರೆ’ ಎಂದೇ ಬಂದಿದ್ದರೂ, ಕೇಳಿದ ರೀತಿಯಿಂದ ಕೇಳಿದವರು ನಾಚಬೇಕಾದ್ದು ಏನೂ ಇರುತ್ತಿರಲಿಲ್ಲ. ತಪ್ಪಾಗಿ ಅನುಮಾನಿಸಿದ್ದರೂ ಸರಿಯಾಗಿ ಅನುಮಾನಿಸಿದ್ದರೂ ನಿಲ್ಲುವ ಮಾತು ಅದೊಂದೇ ಎಂದು ನಮ್ಮ ನಂಬಿಕೆ.

ಮೂರನೆಯ ಸಾಧ್ಯತೆಯೂ ಇದೆ. ಉತ್ತರ ಬರುತ್ತದೆ, ಆದರೆ ಮನಸ್ಸು ಒಪ್ಪುವುದಿಲ್ಲ. ಮುಂದಿನ ಕೆಲವು ವಾರ ನೋಡಬೇಕಾದ್ದು ಫೋನನ್ನಲ್ಲ, ಮನೆಯನ್ನು. ಕೇಳದೆಯೇ ವಿವರ ಬರುತ್ತಿದೆಯೇ? ಹೇಳಿದ್ದು ಒಂದಕ್ಕೊಂದು ಕೂಡುತ್ತಿದೆಯೇ? ಅವರೇ ಫೋನು ಮುಂದಿಟ್ಟರೆ ಅದು ಅವರ ಔದಾರ್ಯ. ನಾವು ಕೇಳಿ ಪಡೆದರೆ ಅದು ದಿನದ ತಪಾಸಣೆಯಾಗಿ ನಿಲ್ಲುತ್ತದೆ. ಇನ್ನೊಮ್ಮೆ ಮಾತಾಡಿಯೂ ಬಗೆಹರಿಯದಿದ್ದರೆ ‘ಫಮಿಲ್ಯೆರೋಡ್‌ಯೀವ್ನಿಂಗ್’, ಅಂದರೆ ಕೌಟುಂಬಿಕ ಸಲಹೆ ಇದೆ. ಅದನ್ನು ಒದಗಿಸುವುದು ಸೋಲ್ನಾ ಸೇರಿ ಪ್ರತಿ ಕೊಮ್ಯೂನಿನ ಕರ್ತವ್ಯ. ಅಲ್ಲಿ ಹೆಸರು ಹೇಳದೆಯೂ ಮಾತಾಡಬಹುದು, ಹೇಳಿದ್ದು ಹೊರಗೆ ಹೋಗುವುದಿಲ್ಲ. ಅಲ್ಲಿಯೂ ಸಾಕ್ಷಿ ಕೇಳುವುದಿಲ್ಲ. ‘ತಿಳಿಯದೆ ಬಾಳಲು ನನ್ನಿಂದಾಗುತ್ತಿಲ್ಲ’ ಎನ್ನುವುದೇ ಸಾಕಷ್ಟು ದೊಡ್ಡ ಮಾತು.

ಈ ಸಲಹೆಗೆ ಒಂದು ಎಲ್ಲೆಯಿದೆ. ಬಾಯಿ ಬಿಟ್ಟರೆ ಹೊಡೆತ ಬೀಳಬಹುದೆಂಬ ಭಯವಿರುವ ಮನೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಬೇಕಾದ್ದು ರಕ್ಷಣೆ. ಹಿಂಸೆಗೊಳಗಾದ ಹೆಂಗಸರಿಗಾಗಿ ಕ್ವಿನ್ನೂಫ್ರಿಡ್ಸ್‌ಲಿನ್ಯೆನ್ 020-50 50 50 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಆ ಕರೆ ಫೋನಿನ ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅದು ಆಡಿದ ಜಗಳದ ಮಾತು. ಆಡದೆ ಉಳಿಸಿಕೊಂಡ ಅನುಮಾನ ಎಲ್ಲರೂ ಮಲಗಿದ ಮೇಲೆ ಎದ್ದು ಕೂರುತ್ತದೆ. ನಾವು ಈಗಲೂ ಭಾನುವಾರ ರೋಸ್ತಾ ಕೆರೆಯ ಸುತ್ತ ನಡೆಯುತ್ತೇವೆ. ‘ಏನಾದರೂ ಹೇಳೋದಿದೆಯಾ?’ ಎಂದು ಒಬ್ಬರು ಕೇಳುವುದು ರೂಢಿಯಾಗಿದೆ. ಬಹಳ ಸಲ ಉತ್ತರ, ‘ಏನಿಲ್ಲ, ಹಾಲು ತರಬೇಕು’ ಎಂದಷ್ಟೇ.